ಊಹಿಸಿದ್ದನ್ನು ಗುಂಪಿನಲ್ಲಿ ಬರೆಯಬೇಡಿ

ಮಾನ್ಯ ಸದಸ್ಯರೇ,

ನಿನ್ನೆ ಒಬ್ಬರು ಕಳಿಸಿದ ಧ್ವನಿ ಸಂದೇಶದ ಹಿನ್ನೆಲೆಯಲ್ಲಿ ಮೆಟ್ರೊ ನಿಲ್ದಾಣದ ಹೆಸರು ಕೇಳಿಸಿತೆಂದು, ಇನ್ನೊಬ್ಬರು ‘ಮೇಡಂ ಈಗ ಯಶವಂತಪುರದಲ್ಲಿದ್ದಾರೆ’ ಎಂದು ಇಲ್ಲಿಯೇ ಬರೆದರು. ಹಾಗೆ ಪತ್ತೆಹಚ್ಚುವುದು ಕಷ್ಟವೇನಲ್ಲ. ಆದರೆ ಅದನ್ನು ಎಲ್ಲರೆದುರು ಹೇಳಿದಾಗ, ಅವರು ಮನೆಯಲ್ಲಿಲ್ಲವೆಂಬುದು ಪರಿಚಯವೇ ಇಲ್ಲದ ಸದಸ್ಯರಿಗೂ ತಿಳಿಯುತ್ತದೆ. ‘ನಮ್ಮಲ್ಲಿ ಈಗಷ್ಟೇ ಕರೆಂಟ್ ಹೋಯಿತು’ ಎಂಬ ಮಾತನ್ನೂ ವಿದ್ಯುತ್ ಕಡಿತದ ಪ್ರಕಟಣೆಯೊಂದಿಗೆ ತಾಳೆ ನೋಡಿದರೆ ಬಡಾವಣೆ ಯಾವುದೆಂದು ಗೊತ್ತಾಗಬಹುದು.

ಸ್ಕ್ರೀನ್‌ಶಾಟಿನ ಮೇಲಂಚಿನಲ್ಲಿ ಫೋನಿನ ಬಗೆ, ಕೆಲವೊಮ್ಮೆ ಸಿಮ್ ಕಂಪನಿಯ ಹೆಸರು ಕೂಡ ಕಾಣುವುದರಿಂದ, ಆ ಕಂಪನಿಯವರೆಂದು ಹೇಳಿಕೊಂಡು ಕೆವೈಸಿ ಕೇಳುವ ವಂಚಕರಿಗೆ ಅರ್ಧ ಕೆಲಸ ಮುಗಿದಂತೆಯೇ. ಆ ಭಾಗವನ್ನು ಕತ್ತರಿಸಿ ಕಳಿಸಿ.

ಯಾರದಾದರೂ ಸಂದೇಶದಲ್ಲಿ ಇಂಥ ಸುಳಿವು ಕಂಡರೆ, ಇಲ್ಲಿ ಎತ್ತಿ ಆಡದೆ ಅವರಿಗೆ ಮಾತ್ರ ಖಾಸಗಿಯಾಗಿ ತಿಳಿಸಿ. ಬೇಕೆನಿಸಿದರೆ ಅವರೇ ಅದನ್ನು ಅಳಿಸಿಕೊಳ್ಳುತ್ತಾರೆ.

– ಗುಂಪಿನ ನಿರ್ವಾಹಕರು