ಮಗಳಿಗೊಂದು ಪತ್ರ: ಖಾರಾ ಬನ್ನಿಗೆ ಎಷ್ಟು ರೇಟಿಡೋದು

ಪುಟ್ಟಿ,

ನೀನು ವಾಟ್ಸಾಪಲ್ಲಿ ಕಳಿಸಿದ ಬೇಕರಿ ಲೆಕ್ಕ ನೋಡ್ದೆ. ಬಾಡಿಗೆ 15,000, ಮಾಸ್ಟರು ಮತ್ತೆ ಹುಡುಗನ ಸಂಬಳ 32,000, ಓವನ್ ಸಾಲದ ಕಂತು 8,000, ಕರೆಂಟು ಫೋನು ಎಲ್ಲಾ ಸೇರಿ 5,000, ಒಟ್ಟು 60,000 ಅಂತ ಬರ್ದಿದೀಯ, ಆದ್ರೆ ನಿನ್ನ ಸಂಬಳ ಎಲ್ಲಿ? ಬೆಳಗಿನ ಜಾವ ಎದ್ದು ಕೌಂಟರಲ್ಲಿ ನಿಲ್ಲೋಳು ನೀನು, ನಿನಗೆ ಅಂತ 15,000 ಆದ್ರೂ ಹಾಕ್ಕೊಳ್ಲೇಬೇಕು, ಇಲ್ಲಾಂದ್ರೆ ಅಸಲು ಗಿಟ್ತು ಅಂದ್ಕೊಂಡ ತಿಂಗಳಲ್ಲೂ ಬಿಟ್ಟಿ ದುಡಿದಿರ್ತೀಯ. ಸೋ, ಒಂದು ಬನ್ ಮಾರದೇ ಇದ್ರೂ ತಿಂಗಳಿಗೆ ಹೋಗೋದು 75,000. (ಕಂತಲ್ಲಿ ಸಾಲದ ಅಸಲು ತೀರಿಸೋ ಭಾಗ ಆಡಿಟರ್ ಲೆಕ್ಕದಲ್ಲಿ ಖರ್ಚಲ್ಲ, ಆದ್ರೂ ದುಡ್ಡು ಕೈಯಿಂದ ಹೋಗುತ್ತಲ್ಲ, ಅದಿರ್ಲಿ.)

ಇನ್ನು ಮೈದಾ, ಬೆಣ್ಣೆ, ಈರುಳ್ಳಿ, ಮೆಣಸಿನಕಾಯಿ, ಈಸ್ಟು, ಗ್ಯಾಸು, ಕವರು ಸೇರಿ ಬನ್ನಿಗೆ 9 ರೂಪಾಯಿ ಅಂದಿದೀಯ. ಅದು ಬೇಯಿಸಿದ ಬನ್ನಿನ ಖರ್ಚು ಕಣೇ, ಮಾರಿದ್ದರದ್ದಲ್ಲ. 100 ಬೇಯಿಸಿ ಸಂಜೆಗೆ 10 ಉಳಿದ್ರೆ ಆ 900 ರೂಪಾಯಿ ಮಾರಿದ 90ರ ಮೇಲೇ ಬೀಳುತ್ತೆ, ಅಂದ್ರೆ ಒಂದಕ್ಕೆ 10.

ಬೆಲೆಯಲ್ಲಿ ಈ ಖರ್ಚು ಕಳೆದು ಉಳಿದಿದ್ದರಿಂದ 75,000ನ ಭಾಗಿಸಿದ್ರೆ ತಿಂಗಳಿಗೆ ಎಷ್ಟು ಮಾರ್ಬೇಕು ಅಂತ ಬರುತ್ತೆ. ಬರೀ ಖಾರಾ ಬನ್ ಅಂತ್ಲೇ ಹಿಡಿದು, 26 ದಿನ ಅಂಗಡಿ ಅಂತ ದಿನದ ಲೆಕ್ಕ ಹಾಕಿದೀನಿ:

| ಬೆಲೆ | ಎಲ್ಲಾ ಮಾರಿಹೋದ್ರೆ ದಿನಕ್ಕೆ | ನೂರಕ್ಕೆ 10 ಉಳಿದ್ರೆ ದಿನಕ್ಕೆ |
|---|---|---|
| 15 | 481 | 577 |
| 18 | 321 | 361 |
| 20 | 263 | 289 |

ಎರಡು ಕಾಲಂ ನಡುವಿನ ವ್ಯತ್ಯಾಸ ನೋಡು. ಉಳಿದ ಬನ್ನಿಂದ ಖರ್ಚು ಏರೋದು ಬರೀ ಒಂದು ರೂಪಾಯಿ, ಆದ್ರೆ 15ರಲ್ಲಿ ಅದಕ್ಕೆ 96 ಬನ್ ಜಾಸ್ತಿ ಮಾರ್ಬೇಕು, 20ರಲ್ಲಿ 26 ಸಾಕು, ಯಾಕಂದ್ರೆ 15ರಲ್ಲಿ ನಿನಗೆ ಸಿಗ್ತಿದ್ದಿದ್ದೇ 6 ರೂಪಾಯಿ, ಅದರಲ್ಲಿ ಒಂದು ಹೋಯ್ತು.

ಈಗ ನಿನ್ನ ಓವನ್. ದಿನಕ್ಕೆ 400ಕ್ಕಿಂತ ಜಾಸ್ತಿ ಆಗಲ್ಲ ಅಂತ ಮಾಸ್ಟರ್ ಹೇಳಿದಾರಲ್ವಾ, ಹತ್ತರಲ್ಲೊಂದು ಉಳಿದ್ರೆ ಮಾರೋಕೆ ಆಗೋದು 360. ಅಲ್ಲಿಗೆ ಎದುರಂಗಡಿ ರೇಟು 15 ಅಂತ ನೀನೂ 15 ಇಟ್ರೆ ಅಂಗಡಿ ಮುಂದೆ ಎಷ್ಟೇ ಜನ ನಿಂತ್ರೂ ಪ್ರತಿ ತಿಂಗಳು ಲಾಸು, ಎಲ್ಲಾ ಮಾರಿಹೋದ್ರೂ 481 ಬೇಕಲ್ಲ. 18ರಲ್ಲಿ ಒಂದೇ ಒಂದು ಬನ್ನಿಗೆ ತಪ್ಪುತ್ತೆ. 20ರಲ್ಲಿ 289 ಮಾರೋಕೆ 321 ಬೇಯಿಸಿದ್ರೆ ಆಯ್ತು.

20 ಕೊಟ್ಟು ದಿನಕ್ಕೆ 289 ಬನ್ ಜನ ತಗೋತಾರಾ ಅನ್ನೋದು ಮಾತ್ರ ಈ ಟೇಬಲ್ ಹೇಳಲ್ಲ, ಹದಿನೈದು ದಿನ ಮಾರಿ ನೋಡ್ಬೇಕು. ತಗೊಳ್ಳಲ್ಲ ಅಂದ್ರೆ 18ಕ್ಕೆ ಬಾ, ಆದ್ರೆ ಎಲ್ಲಾನೂ ಬೆಳಗ್ಗೆನೇ ಬೇಯಿಸ್ಬೇಡ, ಮಧ್ಯಾಹ್ನ ಟ್ರೇ ನೋಡ್ಕೊಂಡು ಎರಡನೇ ಸಲ ಹಿಟ್ಟು ಕಲಸು. ಉಳಿಯೋದು ನೂರಕ್ಕೆ ಐದಕ್ಕೆ ಇಳಿದ್ರೆ 18ರಲ್ಲಿ ದಿನಕ್ಕೆ 339 ಸಾಕು, ಅಷ್ಟು ನಿನ್ನ ಓವನ್ನಲ್ಲಿ ಆಗುತ್ತೆ. ಉಳಿದಿದ್ದನ್ನ ದಿನಾ ಸಂಜೆ ಎಣಿಸಿ ಬರೆದಿಡು, ಭಾನುವಾರ ಫೋನ್ ಮಾಡಿದಾಗ ಆ ನಂಬರ್ ಹೇಳು.

ನಿನ್ನ ಅಪ್ಪ