ಬಾಗಿಲು ತಟ್ಟುವ ಮೊದಲು

ದಾವಣಗೆರೆ

ಚಿ. ಮಂಜುನಾಥನಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಚನ್ನಗಿರಿ ಕಡೆಯ ಠಾಣೆಗೆ ಪಿಎಸ್‌ಐ ಆಗಿ ಹೋಗಿದ್ದೀಯ ಅಂತ ನಿಮ್ಮಪ್ಪ ಹೇಳಿದ. ಅದು ಅಡಿಕೆ ಸೀಮೆ, ಕಳವು ಕೇಸು ಬಂದೇ ಬರುತ್ತವೆ. ಅದಕ್ಕೇ ವಾರಂಟ್ ಇಲ್ಲದೆ ಮನೆ ಶೋಧನೆ ಮಾಡುವ ವಿಷಯವೊಂದನ್ನೇ ಬಿಡಿಸಿ ಬರೆಯುತ್ತೇನೆ.

ಒಂದು ಕೇಸು ಹೀಗಿದೆ ಅಂದುಕೋ. ಕಣದಿಂದ ಹನ್ನೊಂದು ಚೀಲ ಒಣ ಅಡಿಕೆ ಹೋಗಿದೆ, ಎಫ್‌ಐಆರ್ ಆಗಿದೆ. ರಾತ್ರಿ ಹತ್ತಕ್ಕೆ ಒಬ್ಬ ಬಾತ್ಮೀದಾರ, ಮಾಲು ಇಂಥವರ ಕೊಟ್ಟಿಗೆಯಲ್ಲಿದೆ, ಬೆಳಗಿನ ಜಾವ ಗಾಡಿ ಬರುತ್ತೆ ಅಂತಾನೆ. ಹೊತ್ತು ಇದ್ದಿದ್ದರೆ ಮ್ಯಾಜಿಸ್ಟ್ರೇಟರ ಹತ್ತಿರ ಹೋಗಿ ಶೋಧನಾ ವಾರಂಟ್ ತರುವುದೇ ಸರಿ. ಇಲ್ಲಿ ಬೆಳಗಾಗುವಷ್ಟರಲ್ಲಿ ಮಾಲು ಇರುವುದಿಲ್ಲ. ಇಂಥ ಹೊತ್ತಿಗೇ ಹೊಸ ದಂಡ ಪ್ರಕ್ರಿಯಾ ಕಾನೂನಾದ ಬಿಎನ್‌ಎಸ್‌ಎಸ್ ಕಲಂ 185 ಇರುವುದು, ಹಳೆಯ ಸಿಆರ್‌ಪಿಸಿಯ 165.

ಆದರೆ ಅದು ಕೊಡುವ ಅಧಿಕಾರಕ್ಕೆ ಬೇಲಿ ಇದೆ. ತನಿಖೆಯಲ್ಲಿರುವ ಅಪರಾಧ ಇರಬೇಕು, ಜಾಗ ನಿನ್ನ ಠಾಣಾ ಸರಹದ್ದಿನಲ್ಲಿರಬೇಕು, ಬೇರೆ ದಾರಿಯಲ್ಲಿ ಹೋದರೆ ಅನಗತ್ಯ ವಿಳಂಬ ಆಗುತ್ತದೆ ಎಂದು ನಿನಗೆ ಅನ್ನಿಸಿರಬೇಕು. ಹಾಗೆ ಅನ್ನಿಸಿದ್ದರ ಕಾರಣವನ್ನೂ ಯಾವ ವಸ್ತು ಹುಡುಕುತ್ತೀಯ ಎಂಬುದನ್ನೂ ಹೊರಡುವ ಮೊದಲೇ ಕೇಸ್ ಡೈರಿಯಲ್ಲಿ ಬರೆದಿರಬೇಕು. ಹೆಚ್ಚಿನವರು ಎಡವುವುದು ಇಲ್ಲೇ. 'ಖಚಿತ ಮಾಹಿತಿ ಮೇರೆಗೆ' ಅಂತ ಒಂದು ಸಾಲು ಗೀಚಿದರೆ ಅದು ಕಾರಣ ಆಗುವುದಿಲ್ಲ. 'ಕಳುವಾದ ಹನ್ನೊಂದು ಚೀಲ ಅಡಿಕೆ ಇಂಥವರ ಕೊಟ್ಟಿಗೆಯಲ್ಲಿದೆ ಎಂದು ರಾತ್ರಿ 10ಕ್ಕೆ ಮಾಹಿತಿ ಬಂದಿದೆ. ಬೆಳಗಿನೊಳಗೆ ಸಾಗಿಸುವ ಸಂಭವವಿದೆ. ವಾರಂಟ್ ಪಡೆಯುವಷ್ಟರಲ್ಲಿ ಮಾಲು ಕೈತಪ್ಪುತ್ತದೆ' ಎಂದು ಬರೆ, ಸಮಯ ಹಾಕಿ ಸಹಿ ಮಾಡು. ಬಾತ್ಮೀದಾರನ ಹೆಸರು ಬೇಡ. ಆದಷ್ಟೂ ನೀನೇ ಹೋಗು. ಆಗದಿದ್ದರೆ ಯಾವ ಜಾಗ, ಯಾವ ವಸ್ತು ಅಂತ ಕಾರಣ ಸಮೇತ ಲಿಖಿತ ಆದೇಶ ಕೊಟ್ಟು ಕಳಿಸು. ಈ ಬರಹದ ನಕಲು 48 ಗಂಟೆಯೊಳಗೆ ಹತ್ತಿರದ ಮ್ಯಾಜಿಸ್ಟ್ರೇಟರಿಗೆ ತಲುಪಬೇಕು. ಮನೆಯವರು ಅರ್ಜಿ ಕೊಟ್ಟರೆ ಅವರಿಗೂ ಪುಕ್ಕಟೆ ಸಿಗುತ್ತದೆ, ಆದ್ದರಿಂದ ಆಮೇಲೆ ತಿದ್ದುವ ಯೋಚನೆ ಬೇಡ.

ಇನ್ನು ಪಂಚರು, ಅಂದರೆ ಶೋಧನೆಗೆ ಸಾಕ್ಷಿಯಾಗಿ ನಿಲ್ಲುವವರು. ಕಲಂ 103 ಕೇಳುವುದು ಆ ಊರಿನ ಇಬ್ಬರು ಅಥವಾ ಹೆಚ್ಚು ಸ್ವತಂತ್ರ, ಮರ್ಯಾದಸ್ಥ ಜನ. ಅಲ್ಲಿ ಸಿಗದಿದ್ದರೆ, ಸಿಕ್ಕವರು ಒಪ್ಪದಿದ್ದರೆ ಮಾತ್ರ ಬೇರೆ ಊರಿನವರು. ಠಾಣೆ ಎದುರಿನ ಅಂಗಡಿಯವನನ್ನು, ಎಲ್ಲಾ ಮಹಜರಿಗೂ ಸಹಿ ಹಾಕುವವನನ್ನು, ಫಿರ್ಯಾದಿಯ ಬೀಗರನ್ನು ಕರೆದೊಯ್ಯಬೇಡ. ಪಾಟೀಸವಾಲಿನಲ್ಲಿ ವಕೀಲರು ಮೊದಲು ಕೇಳುವುದೇ 'ಇದಕ್ಕೂ ಮುಂಚೆ ಎಷ್ಟು ಕೇಸಿಗೆ ಸಹಿ ಹಾಕಿದ್ದೀರಿ' ಅಂತ. ಅಕ್ಕಪಕ್ಕದವರು ಹಿಂಜರಿದರೆ ಲಿಖಿತ ನೋಟಿಸ್ ಕೊಡು. ಸಕಾರಣವಿಲ್ಲದೆ ನಿರಾಕರಿಸಿದರೆ ಅದು ಅಪರಾಧ ಅಂತ ಸಮಾಧಾನವಾಗಿ ತಿಳಿಸು, ಯಾರನ್ನು ಕರೆದೆ, ಏನಂದರು ಎಂದು ಮಹಜರಿನಲ್ಲೇ ಬರೆ.

ಪಂಚರು ಕೊಟ್ಟಿಗೆಯ ಬಾಗಿಲು ತೆಗೆಯುವ ಮೊದಲೇ ಜೊತೆಗಿರಬೇಕು. ಒಳಗೆ ಹೋಗುವ ಮುಂಚೆ ನಿನ್ನನ್ನೂ ಸಿಬ್ಬಂದಿಯನ್ನೂ ಅವರು ಪರಿಶೀಲಿಸಲಿ. ಇಡೀ ಶೋಧನೆ, ಪಟ್ಟಿ ಬರೆಯುವುದು, ಪಂಚರು ಸಹಿ ಹಾಕುವುದು, ಎಲ್ಲ ಮೊಬೈಲಿನಲ್ಲಿ ರೆಕಾರ್ಡ್ ಆಗಬೇಕು (ಕಲಂ 105); ಅದನ್ನೂ ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ವಿಡಿಯೋ ಶುರುವಾಗುವಾಗ ಚೀಲ ಆಗಲೇ ಅಂಗಳದಲ್ಲಿ ಜೋಡಿಸಿಟ್ಟಿದ್ದರೆ ಆ ವಿಡಿಯೋ ನಿನ್ನ ವಿರುದ್ಧದ ಸಾಕ್ಷಿ.

ಅಡಿಕೆಗೆ ಗುರುತಿಲ್ಲ, ಗುರುತು ಇರುವುದು ಚೀಲಕ್ಕೆ. ಆದ್ದರಿಂದ 'ಹನ್ನೊಂದು ಚೀಲ ಅಡಿಕೆ ಸಿಕ್ಕಿತು' ಅಂದರೆ ಸಾಲದು. ಪೂರ್ವದ ಗೋಡೆ ಪಕ್ಕ, ಮೇವಿನ ಕೆಳಗೆ ಎಂದು ಜಾಗ ಬರೆ. ಚೀಲದ ಮೇಲಿನ ಬಣ್ಣದ ಗುರುತು, ಹೊಲಿಗೆಯ ದಾರದ ಬಣ್ಣ, ಪ್ರತಿ ಚೀಲದ ತೂಕ ಬೇರೆಬೇರೆ ಬರೆ. ಪಂಚರ ಸಹಿಯ ಚೀಟಿ ಹಚ್ಚಿ ಅಲ್ಲೇ ಸೀಲ್ ಮಾಡು. ಶುರುವಾದ ಮತ್ತು ಮುಗಿದ ಸಮಯ ಹಾಕು, ಪಟ್ಟಿಯ ನಕಲು ಮನೆಯವರಿಗೆ ಕೊಡು. ಮಹಜರು ಠಾಣೆಯಲ್ಲಿ ಬರೆದು ಸಹಿ ಮಾಡಿಸಿದ್ದಾದರೆ ಪಂಚ ಕೋರ್ಟಿನಲ್ಲಿ ಅದನ್ನೇ ಹೇಳುತ್ತಾನೆ. ಪಂಚ ತಿರುಗಿಬಿದ್ದರೂ ನಂಬುವಂತಿದ್ದರೆ ನಿನ್ನ ಸಾಕ್ಷ್ಯವನ್ನು ಕೋರ್ಟು ಒಪ್ಪಬಹುದು. ಆದರೆ ಡೈರಿ, ಮಹಜರು, ವಶಪಡಿಸಿಕೊಂಡ ಮಾಲಿನ ವಿವರದ ಪಿ.ಎಫ್. ಮೂರರ ಸಮಯವೂ ಒಂದಕ್ಕೊಂದು ಹೊಂದಬೇಕು.

ಶೋಧನೆಯಲ್ಲಿ ಲೋಪವಾದ ಮಾತ್ರಕ್ಕೆ ಮಾಲು ಸಾಕ್ಷ್ಯವಾಗದೆ ಹೋಗುವುದಿಲ್ಲ, ಕೋರ್ಟು ಹೆಚ್ಚು ಎಚ್ಚರದಿಂದ ನೋಡುತ್ತದೆ ಎಂದು ಸುಪ್ರೀಂ ಕೋರ್ಟ್ 1962ರಲ್ಲೇ ರಾಧಾಕಿಶನ್ ಕೇಸಿನಲ್ಲಿ ಹೇಳಿದೆ. ಅಂಥ ಶೋಧನೆಯನ್ನು ಮನೆಯವರು ತಡೆಯಬಹುದು ಎಂದೂ ಅದೇ ತೀರ್ಪಿನಲ್ಲಿದೆ, ಮರೆಯಬೇಡ.

ಗಾಂಜಾ ಕೇಸಿಗೆ ಈ ಸಡಿಲ ಇಲ್ಲ. ಮಾದಕ ವಸ್ತು ಕಾಯ್ದೆಯಾದ ಎನ್‌ಡಿಪಿಎಸ್ ಕಲಂ 42ರಂತೆ ಬಂದ ಮಾಹಿತಿಯನ್ನು ಬರೆದು 72 ಗಂಟೆಯೊಳಗೆ ಮೇಲಧಿಕಾರಿಗೆ ಕಳಿಸಬೇಕು. ಸೂರ್ಯ ಮುಳುಗಿದ ಮೇಲೆ ವಾರಂಟ್ ಇಲ್ಲದೆ ಮನೆ ಹೊಕ್ಕರೆ ಅದರ ಕಾರಣ ಬೇರೆ ಬರೆಯಬೇಕು. ಮೈ ಪರಿಶೀಲಿಸುವುದಾದರೆ, ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಎದುರು ಮಾಡಿಸಿಕೊಳ್ಳುವ ಹಕ್ಕು ನಿನಗಿದೆ ಎಂದು ಆ ಮನುಷ್ಯನಿಗೆ ಕಲಂ 50ರಂತೆ ಮೊದಲು ತಿಳಿಸಬೇಕು. ಕೈಚೀಲಕ್ಕೆ ಅದು ಅನ್ವಯಿಸದು. ಮಹಿಳೆಯಾದರೆ ಯಾವ ಕೇಸೇ ಇರಲಿ, ಮಹಿಳಾ ಸಿಬ್ಬಂದಿಯೇ ಪರಿಶೀಲಿಸಬೇಕು.

ಮೊದಲ ಮಹಜರು ಬರೆದಾಗ ನಕಲು ಕಳಿಸು, ಓದಿ ಹೇಳುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ