ಕಥೆಯಲ್ಲಿ ಕಿಡಿ ಇರಲಿ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು ಬರೆದ ಕಥೆಯನ್ನು ಓದುತ್ತಿದ್ದಾಗ ನಡುವೆ ಬಾಯಿ ಹಾಕಿ "ಇದು ತಪ್ಪು" ಎಂದುಬಿಟ್ಟೆ. ನೀನು ಫೋನ್ ಇಟ್ಟೆ. ಪೂರ್ತಿ ಕೇಳಬೇಕಿತ್ತು, ಕ್ಷಮಿಸು. ಆದರೆ ಸೋಮವಾರ ತರಗತಿಯಲ್ಲಿ ಅದನ್ನು ಆಡಿಸಿ, ಜಲಜನಕದ ಪ್ರಯೋಗವನ್ನೂ ತೋರಿಸುತ್ತೇನೆ ಎಂದೆಯಲ್ಲ, ಅಂದಿನಿಂದ ನನಗೆ ನಿದ್ದೆಯಿಲ್ಲ.

ನಿನ್ನ ಕಥೆಯಲ್ಲಿ ಒಂಟಿಯಾಗಿ ಅಲೆಯುವ ಎರಡು ಜಲಜನಕದ ಪರಮಾಣುಗಳಿಗೆ ಒಂದು ಆಮ್ಲಜನಕ ಸಿಗುತ್ತದೆ, ಮೂವರೂ ಕೈ ಹಿಡಿದು ನೀರಾಗುತ್ತಾರೆ. ಅವರು ಒಂಟಿಯಲ್ಲ, ಪುಟ್ಟಿ. ಜಲಜನಕ ಜೋಡಿಯಾಗಿಯೇ ಇರುತ್ತದೆ, ಆಮ್ಲಜನಕವೂ ಹಾಗೆಯೇ. ಆರು ಮಕ್ಕಳನ್ನು ನಿಲ್ಲಿಸು. ಜಲಜನಕವಾಗುವ ನಾಲ್ವರು ಒಂದು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳಲಿ. ಆಮ್ಲಜನಕವಾಗುವ ಇಬ್ಬರು ಎರಡೂ ಕೈಗಳಿಂದ ಒಬ್ಬರನ್ನೊಬ್ಬರು ಹಿಡಿದಿರಲಿ. ಹಿಡಿದ ಕೈ ಬಿಡದೆ ಹೊಸ ಕೈ ಹಿಡಿಯಲಾಗದು. ಅದಕ್ಕೇ ಈ ಎರಡು ಅನಿಲಗಳನ್ನು ಒಂದೇ ಬಾಟಲಿಯಲ್ಲಿ ಬೆರೆಸಿಟ್ಟರೂ ಸುಮ್ಮನೆ ಡಿಕ್ಕಿ ಹೊಡೆಯುತ್ತಿರುತ್ತವೆ, ನೀರಾಗುವುದಿಲ್ಲ. ಏಳನೆಯವನೊಬ್ಬ ಬೇಕು: ಕಿಡಿ. ಅವನು ಕೆಲವು ಜೋಡಿಗಳನ್ನು ಬಿಡಿಸುತ್ತಾನೆ. ಬಿಡಿಸಲು ತಗುಲಿದ್ದಕ್ಕಿಂತ ಹೆಚ್ಚಿನ ಶಾಖ ಹೊಸ ಕೂಡಿಕೆಯಿಂದ ಹೊಮ್ಮಿ ಪಕ್ಕದ ಜೋಡಿಗಳನ್ನು ಬಿಡಿಸುತ್ತದೆ, ಅವು ಕೂಡಿ ಮತ್ತೆ ಪಕ್ಕದವನ್ನು. ಕಣ್ಣು ಮಿಟುಕಿಸುವುದರೊಳಗೆ ಎಲ್ಲ ಮುಗಿದಿರುತ್ತದೆ. ನೀನು "ನಿಧಾನವಾಗಿ ತಬ್ಬಿಕೊಂಡವು" ಎಂದು ಬರೆದ ಜಾಗದಲ್ಲಿ ನಿಜಕ್ಕೂ ಆಗುವುದು ಸ್ಫೋಟ.

ಪ್ರಯೋಗಶಾಲೆಯ ಆ ಮಧ್ಯಾಹ್ನ ನಿನಗೂ ನೆನಪಿದೆ, ಮತ್ತೆ ಹೇಳುವುದಿಲ್ಲ. ಗಾಜು ಹಳೆಯದಾಗಿತ್ತು ಎಂದು ನಿನಗೆ ಹೇಳಿದ್ದೆ. ಗಾಜಿನ ತಪ್ಪಲ್ಲ, ನನ್ನದು. ಸತುವಿನ ತುಂಡುಗಳ ಮೇಲೆ ಆಮ್ಲ ಸುರಿದು, ಫ್ಲಾಸ್ಕಿನೊಳಗಿನ ಗಾಳಿ ಪೂರ್ತಿ ಹೊರಹೋಗುವ ಮೊದಲೇ ಕೊಳವೆಯ ತುದಿಗೆ ಬೆಂಕಿಕಡ್ಡಿ ಹಿಡಿದೆ. ಮೊದಲು ಒಂದು ಪ್ರನಾಳದಲ್ಲಿ ಅನಿಲ ಹಿಡಿದು, ದೂರ ಒಯ್ದು ಹಚ್ಚಿ ನೋಡಬೇಕಿತ್ತು. ಟಪ್ಪೆಂದು ಸದ್ದಾದರೆ ಗಾಳಿ ಇನ್ನೂ ಬೆರೆತಿದೆ. ಸದ್ದಿಲ್ಲದೆ ಉರಿದರೆ ಗಾಳಿ ಹೋಗಿದೆ. ಗಂಟೆ ಹೊಡೆಯಲು ಐದು ನಿಮಿಷವಿತ್ತು, ಆತುರಪಟ್ಟೆ. ಜ್ವಾಲೆ ಕೊಳವೆಯೊಳಗೆ ಹಿಂದಕ್ಕೆ ಓಡಿತು. ನೀನು ಬಾಗಿಲಲ್ಲಿದ್ದೆ, ಏಳು ವರ್ಷ. ಗಾಜಿನ ಚೂರು ನಿನ್ನ ತಲೆಯ ಮೇಲಿನ ಚೌಕಟ್ಟಿಗೆ ನಾಟಿತ್ತು. ಸಂಜೆ ಒಬ್ಬನೇ ಹೋಗಿ ಅದನ್ನು ಕಿತ್ತೆ. ಎಷ್ಟು ಎತ್ತರದಲ್ಲಿತ್ತೆಂದು ಗೇಣಿನಿಂದ ಅಳೆದೆ. ಒಂದೂವರೆ ಗೇಣು. ಈಗಲೂ ಕೆಲವು ರಾತ್ರಿ ಎದ್ದು ಕುಳಿತು ಕತ್ತಲಲ್ಲಿ ಗೇಣು ಹಾಕಿ ನೋಡುತ್ತೇನೆ.

ಆದ್ದರಿಂದ ಫ್ಲಾಸ್ಕಿನ ಬಳಿ ಬೆಂಕಿ ತರಬೇಡ. ಬಲೂನಂತೂ ಬೇಡವೇ ಬೇಡ. ಒಂದು ಸಣ್ಣ ಪ್ರನಾಳ ಸಾಕು. ಕನ್ನಡಕ ಹಾಕಿಕೋ, ಮಕ್ಕಳನ್ನು ದೂರ ನಿಲ್ಲಿಸು. ಟಪ್ಪೆಂದ ಮೇಲೆ ಒಳಗೋಡೆಯಲ್ಲಿ ಮಂಜು ಕಟ್ಟಿರುತ್ತದೆ. ಆಗಷ್ಟೇ ಹುಟ್ಟಿದ ನೀರು ಅದು. ಒಣಗಿದ ಪ್ರನಾಳವಾದರೆ ಚೆನ್ನಾಗಿ ಕಾಣುತ್ತದೆ. ನೋಡು, ಮತ್ತೆ ಪಾಠ ಶುರುಮಾಡಿದೆ.

"ನೀರಾದ ಮೇಲೆ ಅವು ತಮ್ಮ ಹಳೆಯ ಸ್ವಭಾವವನ್ನೇ ಮರೆತವು" ಎಂದು ಬರೆದಿದ್ದೀಯಲ್ಲ, ಆ ಸಾಲನ್ನು ನಿನ್ನ ಅಮ್ಮನಿಗೆ ಎರಡು ಸಲ ಹೇಳಿದೆ. ಒಂದು ತಾನೇ ಉರಿಯುವಂಥದ್ದು, ಇನ್ನೊಂದು ಉರಿಸುವಂಥದ್ದು. ಕೂಡಿದರೆ ಬೆಂಕಿ ಆರಿಸುವ ನೀರು. ಮೂವತ್ತು ವರ್ಷ ಪಾಠ ಮಾಡಿದರೂ ನನಗೆ ಹಾಗೆ ಹೇಳಲು ಬಂದಿರಲಿಲ್ಲ.

ಭಾನುವಾರ ಫೋನ್ ಮಾಡು. ಕೊನೆಯ ಪುಟ ಓದಿ ಮುಗಿಸುವವರೆಗೆ ನಾನು ಮಾತಾಡುವುದಿಲ್ಲ.

ನಿನ್ನ ಅಪ್ಪ